ಮಿತಿ ಬರೆಯುವ ಬಗೆ: ಒಂದು ಹಳೆಯ ಪ್ರಬಂಧದ ಪಾಠ

ಸಂಶೋಧನಾ ಪ್ರಬಂಧಗಳ ಕೊನೆಯಲ್ಲಿ ‘ಅಧ್ಯಯನದ ಮಿತಿಗಳು’ ಎಂಬ ತಲೆಬರಹದಡಿ ಒಂದೆರಡು ಪ್ಯಾರಾ ಇರುತ್ತವೆ. ಬಹಳಷ್ಟು ಕಡೆ ಅವು ಒಂದೇ ಅಚ್ಚಿನವು: ಮಾದರಿ ಚಿಕ್ಕದು, ಸಮಯ ಸಾಲಲಿಲ್ಲ, ಒಂದೇ ಜಿಲ್ಲೆಯಲ್ಲಿ ಮಾಡಿದ್ದು, ಇನ್ನಷ್ಟು ಅಧ್ಯಯನ ಆಗಬೇಕು. ಸುಳ್ಳೇನೂ ಇಲ್ಲ. ಆದರೆ ಓದುವವರಿಗೆ ಬೇಕಾದ ಉತ್ತರ ಅಲ್ಲಿ ಸಿಗುವುದಿಲ್ಲ: ಈ ಕೊರತೆಯಿಂದ ಫಲಿತಾಂಶ ಯಾವ ಕಡೆಗೆ ವಾಲಿರಬಹುದು, ಎಷ್ಟು ವಾಲಿರಬಹುದು? ಕೊರತೆಯ ಹೆಸರು ಹೇಳಿ ಸುಮ್ಮನಾದರೆ ಓದುಗರು ಇಡೀ ಅಧ್ಯಯನವನ್ನೇ ಅನುಮಾನಿಸುತ್ತಾರೆ, ಇಲ್ಲವೇ ಆ ಪ್ಯಾರಾವನ್ನು ಶಾಸ್ತ್ರಕ್ಕೆ ಬರೆದದ್ದೆಂದು ಹಾರಿಸಿ ಮುಂದೆ ಹೋಗುತ್ತಾರೆ.

ಈ ಕೆಲಸವನ್ನು ಸರಿಯಾಗಿ ಮಾಡಿದ ಪ್ರಬಂಧವೊಂದು 1950ರ ಸೆಪ್ಟೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಬರೆದವರು ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್. ವಿಷಯ, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟು. ಲಂಡನ್ನಿನ 20 ಆಸ್ಪತ್ರೆಗಳಿಂದ ಶ್ವಾಸಕೋಶದ ಕ್ಯಾನ್ಸರ್‌ನ 709 ರೋಗಿಗಳನ್ನು ತೆಗೆದುಕೊಂಡು, ಒಬ್ಬೊಬ್ಬರಿಗೂ ಜೋಡಿಯಾಗಿ ಬೇರೆ ಕಾಯಿಲೆಯ ಒಬ್ಬ ರೋಗಿಯನ್ನು ಆರಿಸಿದರು. ಜೋಡಿಯಲ್ಲಿ ಲಿಂಗ ಒಂದೇ, ವಯಸ್ಸು ಹೆಚ್ಚುಕಡಿಮೆ ಒಂದೇ. ಗಂಡಸರ ಪೈಕಿ, ಕ್ಯಾನ್ಸರ್ ಇದ್ದ 649 ಮಂದಿಯಲ್ಲಿ ಧೂಮಪಾನ ಮಾಡದವರು 2 ಮಂದಿ; ಹೋಲಿಕೆಯ 649 ಮಂದಿಯಲ್ಲಿ 27.

ಎರಡೂ ಗುಂಪಿನಲ್ಲಿ ಬಹುತೇಕ ಎಲ್ಲರೂ ಸೇದುವವರೇ. ಹಾಗಾಗಿ ವಾದದ ಹೆಚ್ಚಿನ ಭಾರ ಬಿದ್ದದ್ದು ಯಾರು ಎಷ್ಟು ಸೇದುತ್ತಿದ್ದರು ಎಂಬ ಲೆಕ್ಕದ ಮೇಲೆ. ಆ ಲೆಕ್ಕ ಬಂದದ್ದು ರೋಗಿಗಳ ಬಾಯಿಂದ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯರು ಮಂಚದ ಪಕ್ಕ ಕೂತು ಕೇಳಿ ಬರೆದುಕೊಂಡದ್ದು. ಎದುರಿಗಿರುವವರಿಗೆ ಯಾವ ಕಾಯಿಲೆ ಎಂಬುದು ಕೇಳುವವರಿಗೆ ಮೊದಲೇ ಗೊತ್ತಿತ್ತು. ಇದು ಸಣ್ಣ ದೌರ್ಬಲ್ಯವಲ್ಲ. ಕ್ಯಾನ್ಸರ್ ರೋಗಿಯನ್ನು ‘ಇನ್ನೂ ಹೆಚ್ಚು ಸೇದುತ್ತಿದ್ದಿರೇನೋ’ ಎಂದು ಕೆದಕಿ, ಉಳಿದವರ ಮೊದಲ ಉತ್ತರವನ್ನೇ ಬರೆದುಕೊಂಡಿದ್ದರೆ ಇಲ್ಲದ ವ್ಯತ್ಯಾಸವೂ ಹುಟ್ಟಬಹುದಿತ್ತು. ವಾಲಿಕೆ ಲೇಖಕರ ವಾದಕ್ಕೆ ಅನುಕೂಲವಾದ ದಿಕ್ಕಿನಲ್ಲೇ ಇತ್ತು. ಪ್ರಬಂಧದ ಬುಡವನ್ನೇ ಅಲ್ಲಾಡಿಸಬಲ್ಲ ಮಿತಿ ಎಂದರೆ ಇಂಥದ್ದು.

ಡಾಲ್ ಮತ್ತು ಹಿಲ್ ಇದನ್ನು ಬಚ್ಚಿಡಲಿಲ್ಲ, ಒಪ್ಪಿಕೊಂಡು ಕೈತೊಳೆದುಕೊಳ್ಳಲೂ ಇಲ್ಲ. ತಮ್ಮ ಕಡತಗಳಲ್ಲೇ ಒಂದು ಪರೀಕ್ಷೆ ಅಡಗಿದೆ ಎಂಬುದನ್ನು ಗಮನಿಸಿದರು. ಸಂದರ್ಶನದ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ನಂಬಲಾಗಿದ್ದ ಕೆಲವರಿಗೆ ಆ ಕಾಯಿಲೆ ಇರಲಿಲ್ಲವೆಂದು ಆಮೇಲೆ ಗೊತ್ತಾಗಿತ್ತು. ಪ್ರಶ್ನೆ ಕೇಳಿದವರ ಕಣ್ಣಿಗೆ ಅವರೂ ಕ್ಯಾನ್ಸರ್ ರೋಗಿಗಳೇ. ಕೇಳುವವರ ಪೂರ್ವಗ್ರಹದಿಂದಲೇ ಸಿಗರೇಟಿನ ಲೆಕ್ಕ ಏರಿದ್ದರೆ ಇವರ ಲೆಕ್ಕವೂ ಏರಿರಬೇಕಿತ್ತು. ಹಾಗಾಗಿರಲಿಲ್ಲ, ಇವರು ಸೇದುತ್ತಿದ್ದ ಪ್ರಮಾಣ ಬೇರೆ ಕಾಯಿಲೆಯವರ ಪ್ರಮಾಣಕ್ಕೆ ಹೊಂದಿಕೊಂಡಿತು, ನಿಜವಾದ ಕ್ಯಾನ್ಸರ್ ರೋಗಿಗಳದ್ದಕ್ಕಲ್ಲ. ಇಷ್ಟನ್ನು ಓದಿದವರಿಗೆ ದೌರ್ಬಲ್ಯವೂ ಗೊತ್ತಾಯಿತು, ಅದು ಫಲಿತಾಂಶವನ್ನು ಏಕೆ ಕೆಡಿಸಲಿಲ್ಲ ಎಂಬುದೂ ಗೊತ್ತಾಯಿತು.

ನೆನಪಿನ ತಪ್ಪು ಇನ್ನೊಂದು ಬಗೆಯದು. ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಸಿಗರೇಟು ಸೇದುತ್ತಿದ್ದೆ ಎಂದು ಯಾರೂ ಕರಾರುವಾಕ್ಕಾಗಿ ಹೇಳಲಾರರು. ಎರಡೂ ಗುಂಪಿನವರು ಹೀಗೆ ಸಮಸಮವಾಗಿ, ಗೊತ್ತುಗುರಿಯಿಲ್ಲದೆ ತಪ್ಪಿದರೆ ಹೆಚ್ಚು ಸೇದುವವರು ಕಡಿಮೆಯವರ ಪಟ್ಟಿಗೂ ಕಡಿಮೆಯವರು ಹೆಚ್ಚಿನವರ ಪಟ್ಟಿಗೂ ಸೇರಿಕೊಂಡು, ಗುಂಪುಗಳ ನಡುವಿನ ನಿಜವಾದ ಅಂತರ ಸಾಮಾನ್ಯವಾಗಿ ಕುಗ್ಗುತ್ತದೆ. ಅಂಥ ತಪ್ಪುಗಳ ನಡುವೆಯೂ ಅಂತರ ಎದ್ದು ಕಂಡರೆ ನಿಜಸ್ಥಿತಿಯಲ್ಲಿ ಅದು ಇನ್ನೂ ದೊಡ್ಡದಿರುವ ಸಂಭವವೇ ಹೆಚ್ಚು. ಒಂದೇ ‘ನೆನಪಿನ ದೋಷ’ ಎಂಬ ಹೆಸರಿನಡಿ, ಫಲಿತಾಂಶವನ್ನು ಊದಿಸುವ ದೋಷವೂ ಬರಬಹುದು, ಕುಗ್ಗಿಸುವ ದೋಷವೂ ಬರಬಹುದು. ಯಾವುದು ಯಾವುದೆಂದು ಬಿಡಿಸಿ ಹೇಳದ ಮಿತಿಯ ಪ್ಯಾರಾ ಅರ್ಧ ಕೆಲಸವನ್ನಷ್ಟೇ ಮಾಡಿರುತ್ತದೆ.

ಇದನ್ನು ಇಲ್ಲಿನ ಒಂದು ಕಾಲ್ಪನಿಕ ಉದಾಹರಣೆಗೆ ಹಚ್ಚಿ ನೋಡಬಹುದು. ಒಂದು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಬೆಳಿಗ್ಗೆ ತಿಂಡಿ ತಿಂದು ಬರುವ ಮಕ್ಕಳು ಗಣಿತದಲ್ಲಿ ಹೆಚ್ಚು ಅಂಕ ಪಡೆಯುತ್ತಾರೆ ಎಂದು ವಿದ್ಯಾರ್ಥಿಯೊಬ್ಬರು ಕಂಡುಕೊಂಡರು ಎನ್ನೋಣ. ಮಿತಿಯನ್ನು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ತಿಂಡಿಯ ಮಾಹಿತಿ ಮಕ್ಕಳ ಹೇಳಿಕೆಯನ್ನು ಆಧರಿಸಿದ್ದು, ಅದರಲ್ಲಿ ದೋಷಗಳಿರಬಹುದು.’ ಇದೇ ಮಾತನ್ನು ಉಪಯೋಗಕ್ಕೆ ಬರುವಂತೆ ಬರೆದರೆ ಹೀಗಿರುತ್ತದೆ: ‘ತಿಂಡಿಯ ಮಾಹಿತಿ ಮಕ್ಕಳ ಹೇಳಿಕೆಯದು. ಕೆಲವರು ನಾಚಿಕೆಯಿಂದ ತಿನ್ನದಿದ್ದರೂ ತಿಂದೆ ಎಂದಿರಬಹುದು. ಇದು ಅಂಕಗಳ ಅಂತರವನ್ನು ಕುಗ್ಗಿಸಿರುವ ಸಂಭವವೇ ಹೆಚ್ಚು. ಆದರೆ ತಿಂಡಿ ಸಿಗುವ ಮನೆಗಳು ಹೆಚ್ಚು ಅನುಕೂಲಸ್ಥವಾಗಿದ್ದರೆ ಅಂತರ ತಿಂಡಿಯದಲ್ಲದೆ ಮನೆಯದಾಗಿರಬಹುದು. ತಾಯಿಯ ಶಿಕ್ಷಣದ ಮಟ್ಟ ಒಂದೇ ಆಗಿರುವ ಮಕ್ಕಳನ್ನಷ್ಟೇ ಹೋಲಿಸಿದಾಗ ಅಂತರ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಮನೆಯ ಆದಾಯದ ಮಾಹಿತಿ ಇಲ್ಲದಿರುವುದರಿಂದ, ತಿಂಡಿಯೇ ಕಾರಣ ಎಂದು ಈ ಅಧ್ಯಯನ ಹೇಳುವುದಿಲ್ಲ.’ ಎರಡನೆಯದು ಉದ್ದ, ನಿಜ. ಆದರೆ ಪರೀಕ್ಷಕರು ಕೇಳಬಹುದಾದ ಪ್ರಶ್ನೆ ಅದರಲ್ಲಾಗಲೇ ಇದೆ, ಉತ್ತರವೂ ಇದೆ, ಉತ್ತರ ಎಲ್ಲಿ ನಿಲ್ಲುತ್ತದೆ ಎಂಬುದೂ ಇದೆ.

ಇಂಥ ಬರವಣಿಗೆಗೆ ಜಾಗ ಬೇಕು. ಆದ್ದರಿಂದ ಹತ್ತು ಮಿತಿಗಳ ಪಟ್ಟಿಗಿಂತ ತೀರ್ಮಾನವನ್ನು ನಿಜವಾಗಿ ತಲೆಕೆಳಗು ಮಾಡಬಲ್ಲ ಎರಡೋ ಮೂರೋ ಮಿತಿಗಳು ಸಾಕು. ಆರಿಸುವ ಅಳತೆ ಸರಳವಾದದ್ದು: ಈ ದೋಷ ಇಲ್ಲದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತೇ? ಪ್ರಶ್ನಾವಳಿ ಉದ್ದವಾಯಿತು, ಮಳೆಯಿಂದ ಎರಡು ದಿನ ತಡವಾಯಿತು ಎಂಬಂಥವು ವಿಧಾನದ ವಿವರಣೆಗೆ ಸೇರಲಿ. ಸಣ್ಣಪುಟ್ಟದ್ದನ್ನೆಲ್ಲ ಒಪ್ಪಿಕೊಂಡು ದೊಡ್ಡದನ್ನು ಅವುಗಳ ನಡುವೆ ಮರೆಸುವುದೂ ಒಂದು ಚಾಳಿ. ಅನುಭವಿ ಪರೀಕ್ಷಕರು ಮೊದಲು ಹುಡುಕುವುದು ಅದನ್ನೇ.

ಪರೀಕ್ಷಿಸಿ ತಳ್ಳಿಹಾಕಲಾಗದ ಸಂಗತಿಗಳೂ ಉಳಿಯುತ್ತವೆ. 1950ರ ಪ್ರಬಂಧದಲ್ಲಿ ಅಂಥದ್ದೊಂದು ಇತ್ತು. ಹೊಗೆಯೇ ಕಾರಣವಾಗಿದ್ದರೆ ಅದನ್ನು ಒಳಗೆಳೆದುಕೊಳ್ಳುವವರು ಕ್ಯಾನ್ಸರ್ ಗುಂಪಿನಲ್ಲಿ ಹೆಚ್ಚಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅಂಕಿಅಂಶ ಹಾಗೆ ಹೇಳಲಿಲ್ಲ. ಡಾಲ್ ಮತ್ತು ಹಿಲ್ ಅದನ್ನೂ ಅಚ್ಚು ಹಾಕಿಸಿದರು. 1950ರ ದಶಕದ ಕೊನೆಗೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಈ ಅಂಕಿಗಳನ್ನೇ ಎತ್ತಿಕೊಂಡು ಅವರ ಮೇಲೆ ಹರಿಹಾಯ್ದರು. ಪ್ರಾಮಾಣಿಕತೆ ಹೀಗೆ ಎದುರಾಳಿಗೆ ಅಸ್ತ್ರವಾಗುವುದುಂಟು. ಆದರೂ ಬಿಡಿಸಲಾಗದ ಗಂಟನ್ನು ಗಂಟೆಂದೇ ಬರೆಯಬೇಕು. ಅದಕ್ಕೆ ಅವಸರದ ವಿವರಣೆ ಹೊಸೆದರೆ ಉಳಿದ ಉತ್ತರಗಳ ಮೇಲಿನ ನಂಬಿಕೆಯೂ ಸಡಿಲವಾಗುತ್ತದೆ.

ಕೊನೆಯದಾಗಿ, ಮಿತಿಯ ಭಾಗದಲ್ಲಿ ಒಪ್ಪಿದ್ದಕ್ಕೂ ತೀರ್ಮಾನದ ಕ್ರಿಯಾಪದಕ್ಕೂ ತಾಳೆ ಬೀಳಬೇಕು. ‘ಕಾರಣವೆಂದು ಹೇಳಲಾಗದು’ ಎಂದು ಒಂದು ಪುಟದಲ್ಲಿ ಬರೆದು, ಸಾರಾಂಶದಲ್ಲಿ ‘ತಿಂಡಿಯಿಂದ ಅಂಕ ಹೆಚ್ಚುತ್ತದೆ’ ಎಂದರೆ ಮಿತಿ ಬರೆದೂ ಬರೆಯದಂತೆ. ‘ತಿಂಡಿ ತಿನ್ನುವ ಮಕ್ಕಳಲ್ಲಿ ಅಂಕ ಹೆಚ್ಚು ಕಂಡಿತು’ ಎಂದರೆ ಸಾಕು. ಇದರ ಇನ್ನೊಂದು ತುದಿಯ ತಪ್ಪೂ ಇದೆ: ‘ಇರಬಹುದೇನೋ ಎಂದು ಊಹಿಸಲು ಅವಕಾಶವಿರಬಹುದು’ ಎಂದು ಅನುಮಾನದ ಮೇಲೆ ಅನುಮಾನ ಪೇರಿಸುವುದು. ಅನುಮಾನ ಎಲ್ಲಿದೆಯೋ ಅಲ್ಲಿ ಒಮ್ಮೆ ಹೇಳಿದರೆ ಉಳಿದ ವಾಕ್ಯಗಳು ನೇರವಾಗಿರಬಹುದು. ಡಾಲ್ ಮತ್ತು ಹಿಲ್ ತಮ್ಮ ವರದಿಯನ್ನು ಪ್ರಾಥಮಿಕ ಎಂದೇ ಕರೆದರು, ಅಡ್ಡಿಗಳನ್ನೆಲ್ಲ ಒಂದೊಂದಾಗಿ ದಾಟಿ ಬಂದ ಮೇಲೆ ಧೂಮಪಾನವು ಈ ಕ್ಯಾನ್ಸರ್‌ಗೆ ಒಂದು ಮುಖ್ಯ ಕಾರಣಾಂಶ ಎಂದು ಸ್ಪಷ್ಟವಾಗಿ ಬರೆದರು. ಕಾಯಿಲೆ ಬಂದ ಮೇಲೆ ಕೇಳಿ ಬರೆದುಕೊಳ್ಳುವ ವಿಧಾನದ ಕೊರತೆಯನ್ನು ನೀಗಿಸಲು 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿ ಕಳುಹಿಸಿದರು. ಉತ್ತರಿಸಿದ ಸುಮಾರು 40,000 ಮಂದಿಯಲ್ಲಿ ಮುಂದೆ ಯಾರಿಗೆ ಏನಾಗುತ್ತದೆ ಎಂದು ಕಾದು ನೋಡಿದರು.