ಮೈಸೂರಿನ ಎಂಬಿಬಿಎಸ್, ಮ್ಯಾಂಚೆಸ್ಟರಿನ ಪರೀಕ್ಷೆ

ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೆ.ಆರ್. ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ವೈದ್ಯರು ಇಲ್ಲಿ ಚಿಕಿತ್ಸೆ ಕೊಡಬಹುದು. ಬ್ರಿಟನ್ನಿನಲ್ಲಿ ಅಷ್ಟು ಸಾಲದು. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್, ಅಂದರೆ ಜಿಎಂಸಿಯ ಪಟ್ಟಿಯಲ್ಲಿ ಹೆಸರು ಸೇರಬೇಕು, ಅದರ ಜೊತೆಗೆ ಲೈಸೆನ್ಸ್ ಸಿಗಬೇಕು. ಈ ಎರಡೂ ಇಲ್ಲದೆ ಅಲ್ಲಿ ಒಂದು ಔಷಧದ ಚೀಟಿ ಬರೆಯುವಂತಿಲ್ಲ.

ಭಾರತದ ಪದವಿಗೂ ಜಿಎಂಸಿಗೂ ಇರುವ ಜಗ್ಗಾಟ ಹಳೆಯದು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಅದೇ ವರ್ಷ ಜಿಎಂಸಿ ಭಾರತದ ವೈದ್ಯಕೀಯ ಪದವಿಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ನಮ್ಮಲ್ಲಿ 1933ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆ ಬಂದದ್ದರ ಹಿಂದೆ ಈ ತಕರಾರೂ ಇತ್ತು. ಮುಂದೆ ಮಾನ್ಯತೆ ಮರಳಿತು. 1975ರಲ್ಲಿ ಭಾರತದ ಹಲವು ಪದವಿಗಳ ಪಾಲಿಗೆ ಮತ್ತೆ ಹೋಯಿತು. ಆಗ ಶುರುವಾದ ಪರೀಕ್ಷೆಯೇ ಹೆಸರು ಬದಲಿಸಿಕೊಂಡು ಇಂದಿನ ಪ್ಲ್ಯಾಬ್ ಆಗಿದೆ. ಎಂಆರ್‌ಸಿಪಿಯಂಥ ಸ್ನಾತಕೋತ್ತರ ಪರೀಕ್ಷೆಗಳನ್ನು ಪೂರ್ತಿ ಮುಗಿಸಿದವರು ಪ್ಲ್ಯಾಬ್ ಬರೆಯಬೇಕಿಲ್ಲ. ಆದರೆ ಆಗಷ್ಟೇ ಎಂಬಿಬಿಎಸ್ ಮುಗಿಸಿದವರ ಹೆದ್ದಾರಿ ಪ್ಲ್ಯಾಬೇ.

ಪರೀಕ್ಷೆಗೆ ಮೊದಲು ಹೆಸರಿನ ಸಮಸ್ಯೆ ಎದುರಾಗುತ್ತದೆ. ಹಳೆ ಮೈಸೂರು ಕಡೆಯವರಿಗೆ ಮನೆತನದ ಹೆಸರಿಗಿಂತ ಇನಿಷಿಯಲ್ ರೂಢಿ. ಒಬ್ಬಾಕೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ರಮ್ಯ ಎಂ.ಎಸ್.’ ಎಂದಿದೆ ಎಂದುಕೊಳ್ಳೋಣ. ಪದವಿ ಪ್ರಮಾಣಪತ್ರದಲ್ಲೂ ಅದೇ ಹೆಸರು ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಕಾರಣ ‘ರಮ್ಯ ಮೈಸೂರು ಶ್ರೀನಿವಾಸ’ ಆಗಿದ್ದಾಳೆ. ಮನೆಯವರಿಗೆ ಇಬ್ಬರೂ ಒಬ್ಬಳೇ. ದಾಖಲೆ ನೋಡುವವರ ಕಣ್ಣಿಗೆ ಇಬ್ಬರು. ಈ ವ್ಯತ್ಯಾಸವನ್ನು ಮೊದಲೇ ಸರಿಪಡಿಸಿಕೊಳ್ಳಬೇಕು, ಇಲ್ಲವೇ ಇಬ್ಬರೂ ಒಬ್ಬರೇ ಎಂದು ತೋರಿಸುವ ಕಾನೂನು ದಾಖಲೆ ಕೈಯಲ್ಲಿರಬೇಕು. ಐಇಎಲ್‌ಟಿಎಸ್‌ಗೆ ಪಾಸ್‌ಪೋರ್ಟಿನ ಹೆಸರನ್ನೇ ಕೊಟ್ಟು, ಪದವಿ ಪರಿಶೀಲನೆಯ ಹೊತ್ತಿಗೆ ಎಚ್ಚರಗೊಳ್ಳುವವರೇ ಹೆಚ್ಚು.

ಆ ಪರಿಶೀಲನೆ ನಡೆಯುವುದು ಎಪಿಕ್ ಎಂಬ ವ್ಯವಸ್ಥೆಯಲ್ಲಿ. ಅದನ್ನು ನಡೆಸುವುದು ಅಮೆರಿಕದ ಇಸಿಎಫ್‌ಎಂಜಿ ಸಂಸ್ಥೆ. ಅಭ್ಯರ್ಥಿ ಪದವಿ ಪತ್ರದ ಪ್ರತಿಯನ್ನು ಏರಿಸುತ್ತಾರೆ. ಅದು ಅಸಲಿಯೇ ಎಂದು ಇಸಿಎಫ್‌ಎಂಜಿ ನೇರವಾಗಿ ಪದವಿ ಕೊಟ್ಟ ಸಂಸ್ಥೆಯನ್ನೇ ಕೇಳುತ್ತದೆ. ಉತ್ತರ ಎಷ್ಟು ಬೇಗ ಬರುತ್ತದೆ ಎಂಬುದು ಅಭ್ಯರ್ಥಿಯ ಕೈಯಲ್ಲಿಲ್ಲ. ಕಡತ ಯಾವ ಮೇಜಿನ ಮೇಲಿದೆ ಎಂದು ವಿಚಾರಿಸಿಕೊಳ್ಳಬಹುದು, ಅಷ್ಟೇ. ಪರೀಕ್ಷೆಗೆ ಓದಲು ಕೂತಾಗಲೇ ಇದನ್ನು ಶುರು ಮಾಡುವುದು ಜಾಣತನ.

ಇನ್ನು ಇಂಗ್ಲಿಷ್. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಈ ನಾಲ್ಕರಲ್ಲೂ ಕನಿಷ್ಠ 7, ಒಟ್ಟಾರೆ 7.5 ಬರಬೇಕು. ಒಂದೇ ಸಲ ಕೂತು ಅಷ್ಟನ್ನೂ ಗಳಿಸಬೇಕು. ಹೆಚ್ಚಿನವರು ಎಡವುವುದು ಬರವಣಿಗೆಯಲ್ಲಿ. ಅದಕ್ಕಾಗಿ ಕೆಲವರು ಒಇಟಿ ಆರಿಸಿಕೊಳ್ಳುತ್ತಾರೆ. ಅಲ್ಲಿ ಪ್ರಬಂಧದ ಬದಲು ರೋಗಿಯ ವಿವರ ಕೊಟ್ಟು ಇನ್ನೊಬ್ಬ ವೈದ್ಯರಿಗೆ ಪತ್ರ ಬರೆಸುತ್ತಾರೆ. ನಾಲ್ಕೂ ಭಾಗದಲ್ಲಿ ‘ಬಿ’ ದರ್ಜೆ ಬೇಕು.

ಪ್ಲ್ಯಾಬ್‌ನ ಮೊದಲ ಭಾಗದಲ್ಲಿ 3 ಗಂಟೆ, 180 ಪ್ರಶ್ನೆ. ಭಾರತದಲ್ಲೇ ಕೂತು ಬರೆಯಬಹುದು. ಕೊಟ್ಟ ಉತ್ತರಗಳಲ್ಲಿ ಎಲ್ಲಕ್ಕಿಂತ ಸೂಕ್ತವಾದದ್ದನ್ನು ಆರಿಸಬೇಕು. ಸೂಕ್ತ ಎಂದರೆ ಬ್ರಿಟನ್ನಿನ ರೂಢಿಗೆ ಸೂಕ್ತ. ಸಕ್ಕರೆ ಕಾಯಿಲೆ ಇಲ್ಲದ 60 ವರ್ಷದವರಿಗೆ ಬಿಪಿ ಹೆಚ್ಚಾಗಿದೆ, ಮೊದಲು ಯಾವ ಮಾತ್ರೆ? ನಮ್ಮ ಊರುಗಳ ಎಷ್ಟೋ ಕ್ಲಿನಿಕ್ಕುಗಳಲ್ಲಿ ಕೈ ತಾನಾಗಿ ಟೆಲ್ಮಿಸಾರ್ಟಾನ್ ಬರೆಯುತ್ತದೆ. ಅಲ್ಲಿನ ಮಾರ್ಗಸೂಚಿ 55 ದಾಟಿದವರಿಗೆ ಮೊದಲು ಅಮ್ಲೊಡಿಪಿನ್ ವರ್ಗದ ಮಾತ್ರೆ ಎನ್ನುತ್ತದೆ. ಔಷಧ ವಿಜ್ಞಾನ ಗೊತ್ತಿದ್ದವರೂ ಇಂಥಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಎರಡನೆಯ ಭಾಗ ಮ್ಯಾಂಚೆಸ್ಟರಿನಲ್ಲಿ ಮಾತ್ರ. ಅದಕ್ಕೆ ಸಂದರ್ಶಕ ವೀಸಾ ಸಾಕು. ಅಲ್ಲಿ 16 ಸನ್ನಿವೇಶಗಳು, ಪ್ರತಿಯೊಂದಕ್ಕೂ 8 ನಿಮಿಷ. ಬಾಗಿಲ ಹೊರಗೆ ಅಂಟಿಸಿದ ಸೂಚನೆ ಓದಿಕೊಂಡು ಒಳಗೆ ಹೋದರೆ ರೋಗಿಯ ಪಾತ್ರ ಮಾಡುವ ನಟರು ಕಾದಿರುತ್ತಾರೆ. ರೋಗದ ವಿವರ ಕೇಳಿ ತಿಳಿದುಕೊಂಡದ್ದು, ಚಿಕಿತ್ಸೆ ನಿರ್ಧರಿಸಿದ್ದು, ಮಾತಾಡಿದ ರೀತಿ ಈ ಮೂರಕ್ಕೂ ಬೇರೆ ಬೇರೆ ಅಂಕ. ಒಟ್ಟು ಅಂಕ ಬಂದರೆ ಸಾಲದು. ನಿಗದಿಯಾದಷ್ಟು ಸನ್ನಿವೇಶಗಳಲ್ಲಿ ಪಾಸೂ ಆಗಬೇಕು.

ಮಾತಾಡುವ ರೀತಿಯಲ್ಲಿ ಸೋಲುವವರು ಹೇಗೆ ಸೋಲುತ್ತಾರೆ ಎಂಬುದಕ್ಕೆ ಒಂದು ಬಗೆಯ ಸನ್ನಿವೇಶ ನೋಡಬಹುದು. ಮಗಳೊಬ್ಬಳು ಬಂದು, “ಅಮ್ಮನ ಬಯಾಪ್ಸಿ ರಿಪೋರ್ಟ್ ಬಂತಂತಲ್ಲ ಡಾಕ್ಟ್ರೇ, ಏನಾಗಿದೆ?” ಎಂದು ಕೇಳುತ್ತಾಳೆ. ನಮ್ಮ ವಾರ್ಡುಗಳಲ್ಲಿ ಕೆಟ್ಟ ಸುದ್ದಿ ಮೊದಲು ಮನೆಯವರ ಕಿವಿಗೆ ಬೀಳುತ್ತದೆ. “ಅಮ್ಮಂಗೆ ಹೇಳ್ಬೇಡಿ” ಎಂದು ಅವರು ಕೈಮುಗಿಯುವುದೂ ಉಂಟು. ಅದೇ ಅಭ್ಯಾಸದಲ್ಲಿ ಮ್ಯಾಂಚೆಸ್ಟರಿನ ಕೋಣೆಯಲ್ಲಿ ರಿಪೋರ್ಟ್ ಹೇಳಿಬಿಟ್ಟರೆ ಅದು ದೊಡ್ಡ ತಪ್ಪು: ತಾಯಿಯ ಒಪ್ಪಿಗೆ ಇಲ್ಲದೆ ಮಗಳಿಗೂ ಹೇಳುವಂತಿಲ್ಲ. ಹಾಗೆಂದು “ಹೇಳಕ್ಕಾಗಲ್ಲ” ಎಂದು ಮುಖ ತಿರುಗಿಸಿದರೂ ಅಂಕವಿಲ್ಲ. ಮಗಳ ಆತಂಕವೇನೆಂದು ಕೇಳಿ, ನಿಯಮ ತಿಳಿಸಿ, ತಾಯಿ ಒಪ್ಪಿದರೆ ಮೂವರೂ ಕೂತು ಮಾತಾಡೋಣ ಎನ್ನುವಷ್ಟು 8 ನಿಮಿಷದೊಳಗೆ ಆಗಬೇಕು. ದಿನಕ್ಕೆ ನೂರು ಒಪಿಡಿ ಚೀಟಿ ನೋಡಿದ ಕೈಗೆ ಇದು ಕಲಿತದ್ದನ್ನು ಮರೆಯುವ ಕೆಲಸ.

ಎರಡೂ ಭಾಗ ಪಾಸಾದ ಮೇಲೆ ನೋಂದಣಿಗೆ ಅರ್ಜಿ. ಇಂಟರ್ನ್‌ಶಿಪ್ಪಿನ ವಿವರ, ಎಪಿಕ್ ಪರಿಶೀಲನೆಯ ಫಲ, ವೈದ್ಯಕೀಯ ಪರಿಷತ್ತು ಕೊಡುವ ‘ಗುಡ್ ಸ್ಟ್ಯಾಂಡಿಂಗ್’ ಪತ್ರ ಇವು ಬೇಕು. ಈ ಕೊನೆಯದು ಅಭ್ಯರ್ಥಿಯ ಮೇಲೆ ಶಿಸ್ತುಕ್ರಮ ಇಲ್ಲವೆಂದು ಹೇಳುವ ಪತ್ರ; ಅದರ ಆಯುಸ್ಸು 3 ತಿಂಗಳು ಮಾತ್ರ. ಆದ್ದರಿಂದ ಇದನ್ನು ಎಲ್ಲಕ್ಕಿಂತ ಕೊನೆಗೆ ತರಿಸಬೇಕು. ಮುಂಜಾಗ್ರತೆ ಎಂದು ಮೊದಲೇ ತರಿಸಿಟ್ಟುಕೊಂಡವರು ಎರಡು ಸಲ ಶುಲ್ಕ ಕಟ್ಟುತ್ತಾರೆ.

ಅವಧಿಯ ಲೆಕ್ಕ ಇನ್ನೂ ಇದೆ. ಇಂಗ್ಲಿಷ್ ಪರೀಕ್ಷೆಯ ಅಂಕ ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ. ಮೊದಲ ಭಾಗ ಪಾಸಾದ 2 ವರ್ಷದೊಳಗೆ ಎರಡನೆಯದು, ಅದು ಪಾಸಾದ 2 ವರ್ಷದೊಳಗೆ ನೋಂದಣಿ ಆಗಬೇಕು. ನಮ್ಮ ರಮ್ಯ 2024ರ ಜೂನ್‌ನಲ್ಲಿ ಐಇಎಲ್‌ಟಿಎಸ್, ನವೆಂಬರಿನಲ್ಲಿ ಮೊದಲ ಭಾಗ ಮುಗಿಸಿದಳೆನ್ನಿ. 2025ರ ನವೆಂಬರಿನಲ್ಲಿ ಎರಡನೆಯ ಭಾಗ ಫೇಲಾಗಿ, 2026ರ ಏಪ್ರಿಲ್‌ನಲ್ಲಿ ಮತ್ತೆ ಕೂತು ಪಾಸಾದಳು. ಫಲಿತಾಂಶ ಕೈಗೆ ಬರುವಾಗ ಮೇ. ಪ್ಲ್ಯಾಬ್ ಲೆಕ್ಕದಲ್ಲಿ ಅವಳಿಗೆ ಇನ್ನೂ ಬೇಕಾದಷ್ಟು ಸಮಯವಿದೆ. ಐಇಎಲ್‌ಟಿಎಸ್ ಲೆಕ್ಕದಲ್ಲಿ ಕೆಲವೇ ವಾರ. ಎಪಿಕ್ ಮುಗಿದಿದ್ದರೆ ಪಾರಾಗುತ್ತಾಳೆ. ಇನಿಷಿಯಲ್ ಗೊಂದಲದಲ್ಲಿ ಕಡತ ನಿಂತಿದ್ದರೆ ಮತ್ತೆ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕಾದೀತು.

ಪಟ್ಟಿಗೆ ಸೇರಿದ ಹೊಸಬರು ಮೊದಮೊದಲು ಜಿಎಂಸಿ ಒಪ್ಪಿದ ಸಂಸ್ಥೆಗಳಲ್ಲಷ್ಟೇ ಕೆಲಸ ಮಾಡಬಹುದು. ಸ್ವಂತ ಕ್ಲಿನಿಕ್ ತೆರೆಯುವಂತಿಲ್ಲ. ನೋಂದಣಿಯ ಜೊತೆ ನೌಕರಿ ಬರುವುದಿಲ್ಲ. ಆಸ್ಪತ್ರೆಯೊಂದು ಆರಿಸಿಕೊಂಡ ಮೇಲೆಯೇ ಕೆಲಸದ ವೀಸಾ. ಇತ್ತೀಚೆಗೆ ಒಂದೊಂದು ಕಿರಿಯ ಹುದ್ದೆಗೂ ಅರ್ಜಿಗಳ ರಾಶಿ ಬೀಳುತ್ತಿದ್ದು, ಲೈಸೆನ್ಸ್ ಹಿಡಿದು ತಿಂಗಳುಗಟ್ಟಲೆ ಕಾಯುವವರಿದ್ದಾರೆ.