ಗ್ರಾಹಕರ ಮೊಬೈಲ್ ಸಂಖ್ಯೆಗೂ ವೋಚರ್ ಇರಲಿ

ಪುಸ್ತಕದಲ್ಲಿ ನಮೂದಾದ ಪ್ರತಿಯೊಂದು ವೆಚ್ಚಕ್ಕೂ ವೋಚರ್ ಇರಬೇಕೆಂಬುದು ವರ್ತಕ ಬಾಂಧವರೆಲ್ಲರೂ ಬಲ್ಲ ನಿಯಮ. ಗಣಕಯಂತ್ರದಲ್ಲಿರುವ ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆಗಳಿಗೂ ಇದೇ ನಿಯಮ ಅನ್ವಯಿಸುವ ಕಾಲ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ವ್ಯಾಪಾರಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅವು ಹದಿನೆಂಟು ತಿಂಗಳ ಕಾಲಾವಕಾಶ ನೀಡಿದ್ದು, ಆ ಅವಧಿ 2027ರ ಮೇ ತಿಂಗಳಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ನಡೆಸಬೇಕಾದ ಆಂತರಿಕ ಪರಿಶೋಧನೆಯ ಕ್ರಮವನ್ನು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಗೃಹೋಪಯೋಗಿ ವಸ್ತುಗಳ ಮಳಿಗೆಯೊಂದು ಹಬ್ಬದ ರಿಯಾಯಿತಿಯ ಸಂದೇಶ ಕಳುಹಿಸಲು 6,000 ಸಂಖ್ಯೆಗಳ ಪಟ್ಟಿಯನ್ನು ಇಟ್ಟುಕೊಂಡಿದೆ ಎಂದು ಭಾವಿಸೋಣ. ಪರಿಶೋಧಕನು ಅದರಿಂದ 30 ಸಂಖ್ಯೆಗಳನ್ನು ಆರಿಸಿ, ಪ್ರತಿಯೊಂದರ ಮೂಲ ದಾಖಲೆಯನ್ನು ಕೇಳುತ್ತಾನೆ. 11 ಸಂಖ್ಯೆಗಳಿಗೆ, ರಿಯಾಯಿತಿಯ ಮಾಹಿತಿ ಬೇಕೆಂದು ಗ್ರಾಹಕರೇ ಗುರುತು ಮಾಡಿ, ದಿನಾಂಕ ಹಾಕಿದ ಅರ್ಜಿಗಳು ದೊರೆಯುತ್ತವೆ. 14 ಸಂಖ್ಯೆಗಳು ಬಿಲ್ಲಿನಿಂದ ಬಂದಿವೆ. ಉಳಿದ 5 ಎಲ್ಲಿಂದ ಬಂದವೆಂದು ಯಾರಿಗೂ ತಿಳಿಯದು.

ಮೊದಲಿನ 11 ಸಂಖ್ಯೆಗಳಿಗೆ ಆಧಾರವಿದೆ. ಆದರೆ ಅವು ಕಾಯ್ದೆಯ ಹೊಣೆಗಳು ಜಾರಿಯಾಗುವ ಮೊದಲಿನ ಸಮ್ಮತಿಗಳಾದ್ದರಿಂದ, ಯಾವ ಮಾಹಿತಿಯನ್ನು ಏಕೆ ಬಳಸಲಾಗುತ್ತಿದೆ, ಸಮ್ಮತಿಯನ್ನು ಹೇಗೆ ಹಿಂಪಡೆಯಬಹುದು ಎಂಬ ಸೂಚನೆಯನ್ನು ಆ ಗ್ರಾಹಕರಿಗೆ ಆದಷ್ಟು ಬೇಗ ತಲುಪಿಸಬೇಕು. ಬಿಲ್ಲಿಗಾಗಿ ಕೊಟ್ಟ ಸಂಖ್ಯೆಯನ್ನು ಬಿಲ್ ಕಳುಹಿಸಲು ಬಳಸಬಹುದೇ ಹೊರತು ಪ್ರಚಾರಕ್ಕಲ್ಲ. ಆದುದರಿಂದ ಆ 14ನ್ನೂ, ಮೂಲವಿಲ್ಲದ 5ನ್ನೂ ಹೊಸದಾಗಿ ಸಮ್ಮತಿ ದೊರೆಯುವವರೆಗೆ ಪ್ರಚಾರದ ಪಟ್ಟಿಯಿಂದ ಹೊರಗಿಡಬೇಕು. ವಿವಾದವುಂಟಾದರೆ ಸಮ್ಮತಿ ಇತ್ತೆಂದು ರುಜುವಾತುಪಡಿಸುವ ಭಾರ ವ್ಯಾಪಾರಿಯದೇ ಎಂದು ಕಾಯ್ದೆಯ 6ನೇ ಕಲಂ ಹೇಳುತ್ತದೆ. ಹೀಗಾಗಿ ಸಮ್ಮತಿಯ ದಿನಾಂಕದ ಜೊತೆಗೆ, ಅಂದು ಗ್ರಾಹಕರಿಗೆ ತೋರಿಸಿದ ಸೂಚನೆಯ ಪ್ರತಿಯನ್ನೂ ಕಾಪಾಡುವುದು ಅವಶ್ಯಕ.

ಪರೀಕ್ಷೆಯನ್ನು ವಿರುದ್ಧ ದಿಕ್ಕಿನಿಂದಲೂ ನಡೆಸತಕ್ಕದ್ದು. ಸಂದೇಶ ಬೇಡವೆಂದ 10 ಮಂದಿಯ ಹೆಸರುಗಳನ್ನು ಆರಿಸಿ ಇಂದಿನ ಪಟ್ಟಿಯಲ್ಲಿ ಹುಡುಕಬೇಕು. ಮಳಿಗೆಯ ಗಣಕಯಂತ್ರದಲ್ಲಿ ಅವರ ಹೆಸರು ಅಳಿಸಿದ್ದರೂ, ಸಂದೇಶ ಕಳುಹಿಸುವ ಏಜೆನ್ಸಿಯ ಹಳೆಯ ಪ್ರತಿಯಲ್ಲಿ ಉಳಿದಿರುವುದುಂಟು. ಏಜೆನ್ಸಿಯ ಲೋಪಕ್ಕೂ ಕಾಯ್ದೆಯ ದೃಷ್ಟಿಯಲ್ಲಿ ವ್ಯಾಪಾರಿಯೇ ಹೊಣೆ.

ಎರಡನೆಯದು ದಾಖಲೆ ಇಟ್ಟುಕೊಳ್ಳುವ ಅವಧಿ. ಉದ್ದೇಶ ಮುಗಿದ ಮಾಹಿತಿಯನ್ನು ಅಳಿಸಬೇಕೆನ್ನುವ ಕಾಯ್ದೆ, ಬೇರೆ ಕಾನೂನಿನ ಪ್ರಕಾರ ಇಡಲೇಬೇಕಾದುದಕ್ಕೆ ವಿನಾಯಿತಿ ನೀಡಿದೆ. 2023–24ನೇ ಸಾಲಿನ ಬಿಲ್ಲನ್ನು ತೆಗೆದುಕೊಳ್ಳೋಣ. ಜಿಎಸ್‌ಟಿ ಕಾನೂನಿನಂತೆ ಆ ಸಾಲಿನ ವಾರ್ಷಿಕ ರಿಟರ್ನ್‌ನ ಕೊನೆಯ ದಿನವಾದ 2024ರ ಡಿಸೆಂಬರ್ 31ರಿಂದ 72 ತಿಂಗಳು, ಅಂದರೆ 2030ರ ಡಿಸೆಂಬರ್ 31ರವರೆಗೆ ಅದನ್ನು ಕಾಪಾಡಬೇಕು. ಗ್ರಾಹಕರು ಸಮ್ಮತಿ ಹಿಂಪಡೆದರೂ ಬಿಲ್ ಉಳಿಯುತ್ತದೆ. ಪ್ರಚಾರಕ್ಕೆ ಅದರ ಬಳಕೆ ಮಾತ್ರ ನಿಲ್ಲುತ್ತದೆ. ಪ್ರಚಾರದ ಪಟ್ಟಿಗೆ ಜಿಎಸ್‌ಟಿಯ ಆಸರೆ ಇಲ್ಲ. ಆದರೂ ಮಾಹಿತಿಯನ್ನೂ ಅದರ ಬಳಕೆಯ ಲಾಗ್‌ಗಳನ್ನೂ ಬಳಕೆಯ ದಿನದಿಂದ ಕನಿಷ್ಠ ಒಂದು ವರ್ಷ ಇಡಬೇಕೆಂದು 2025ರ ನಿಯಮಗಳು ಹೇಳುವುದರಿಂದ, ಅವನ್ನು ಪ್ರತ್ಯೇಕವಾಗಿ ಬೀಗಮುದ್ರೆಯಲ್ಲಿಟ್ಟು, ಅವಧಿ ಮುಗಿದ ನಂತರ ಅಳಿಸುವುದು ಸರಿಯಾದ ಕ್ರಮ. ಅಳಿಸಿದ ದಿನಾಂಕ ಮತ್ತು ಅಳಿಸಿದವರ ಸಹಿ ಇರುವ ವಹಿಯನ್ನು ಪರಿಶೋಧಕನು ಕೇಳುತ್ತಾನೆ. ಬ್ಯಾಕಪ್ ಪ್ರತಿಗಳಲ್ಲಿ ಹಳೆಯ ಪಟ್ಟಿ ಉಳಿದಿದೆಯೇ ಎಂದೂ ನೋಡುತ್ತಾನೆ.

ಮೂರನೆಯದು ಮಾಹಿತಿ ಸೋರಿಕೆ. ಶನಿವಾರ ಸಂಜೆ 6ಕ್ಕೆ ಮಾರಾಟ ಪ್ರತಿನಿಧಿಯು ಗ್ರಾಹಕರ ಪಟ್ಟಿಯಿದ್ದ ಲ್ಯಾಪ್‌ಟಾಪ್ ಕಳೆದುಹೋಯಿತೆಂದು ಮಾಲೀಕರಿಗೆ ತಿಳಿಸಿದನೆನ್ನೋಣ. ಬಾಧಿತರಾದ ಪ್ರತಿಯೊಬ್ಬ ಗ್ರಾಹಕರಿಗೂ, ದತ್ತಾಂಶ ಸಂರಕ್ಷಣಾ ಮಂಡಳಿಗೂ ವಿಳಂಬವಿಲ್ಲದೆ ತಿಳಿಸಬೇಕು. ಮಂಡಳಿಗೆ ವಿವರವಾದ ವರದಿ 72 ಗಂಟೆಗಳೊಳಗೆ, ಅಂದರೆ ಮಂಗಳವಾರ ಸಂಜೆ 6ರೊಳಗೆ ತಲುಪಬೇಕು. ಭಾನುವಾರ ಅಂಗಡಿ ಮುಚ್ಚಿದ್ದರೂ ಗಡಿಯಾರ ನಿಲ್ಲದು. ಸೋರಿಕೆ ಚಿಕ್ಕದೆಂಬ ಕಾರಣಕ್ಕೆ ಸುಮ್ಮನಿರಲು ಅವಕಾಶವಿಲ್ಲ. ತಿಳಿಸದೆ ಇದ್ದರೆ ದಂಡದ ಗರಿಷ್ಠ ಮಿತಿ 200 ಕೋಟಿ ರೂಪಾಯಿ.

ಇದರ ಪರಿಶೋಧನೆ ಕಾಗದದಿಂದ ಆಗುವುದಲ್ಲ. ಪೂರ್ವಸೂಚನೆ ಇಲ್ಲದೆ ಸಿಬ್ಬಂದಿಯನ್ನು "ಲ್ಯಾಪ್‌ಟಾಪ್ ಕಳೆದರೆ ಮೊದಲು ಯಾರಿಗೆ ತಿಳಿಸುವಿರಿ? ಅದರಲ್ಲಿ ಯಾರ ಯಾರ ಮಾಹಿತಿ ಇತ್ತು?" ಎಂದು ಕೇಳಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ, ಯಾವ ಗ್ರಾಹಕರಿಗೆ ತಿಳಿಸಬೇಕೆಂಬುದೇ ಮಳಿಗೆಗೆ ತಿಳಿದಿಲ್ಲವೆಂದು ಅರ್ಥ. ಯಾವ ಯಂತ್ರದಲ್ಲಿ ಯಾವ ಪಟ್ಟಿ ಇದೆ ಎಂಬ ಒಂದು ಪುಟದ ದಾಖಲೆಯನ್ನು ಸಿದ್ಧಪಡಿಸಿ, ಪಟ್ಟಿಯ ಹೊಸ ಪ್ರತಿ ತೆಗೆದಾಗಲೆಲ್ಲಾ ಅದನ್ನು ತಿದ್ದುತ್ತಾ ಬಂದರೆ ಈ ಕೊರತೆ ನೀಗುತ್ತದೆ.