ಒಳಲೂಪಿನ ಲೆಕ್ಕ: ಗುಣಿಸಬೇಕೋ, ಕೂಡಬೇಕೋ?

ಈ ಪುಟ್ಟ ಪ್ರೋಗ್ರಾಮಿನಲ್ಲಿ `count++` ಎಷ್ಟು ಸಲ ನಡೆಯುತ್ತದೆ? n ಬೆಳೆದಂತೆ ಆ ಸಂಖ್ಯೆಯ ಬಿಗಿಯಾದ ಮಿತಿ ಎಷ್ಟು?

```
for (i = 1; i <= n; i = i * 2)
    for (j = 0; j < i; j++)
        count++;
```

ವಿದ್ಯಾರ್ಥಿನಿಯೊಬ್ಬಳ ಉತ್ತರ ಹೀಗಿದೆ: i ಪ್ರತಿ ಸಲ ಇಮ್ಮಡಿಯಾಗುವುದರಿಂದ ಹೊರಲೂಪು ಸುಮಾರು log n ಸುತ್ತು ಹಾಕುತ್ತದೆ. ಒಳಲೂಪು ಹೆಚ್ಚೆಂದರೆ n ಸುತ್ತು. ಗುಣಿಸಿದರೆ n log n.

ಮೇಲಿನ ಮಿತಿಯನ್ನಷ್ಟೇ ಹೇಳುವ ಬಿಗ್ ಓ ಕೇಳಿದ್ದರೆ ಇದಕ್ಕೆ ಅಂಕ ಕೊಡಲೇಬೇಕು. ಕೆಲಸ ಈ ಮಿತಿಯನ್ನು ದಾಟುವುದಿಲ್ಲ ಎನ್ನುವುದು ನಿಜ. ಆದರೆ ಕೇಳಿರುವುದು ಬಿಗಿಯಾದ ಮಿತಿ, ಅಂದರೆ ಥೀಟಾ. ಅಲ್ಲಿ ಕೆಲಸ ಇದಕ್ಕಿಂತ ತೀರಾ ಕಡಿಮೆಯೂ ಆಗುವುದಿಲ್ಲ ಎಂದು ತೋರಿಸಬೇಕು.

n = 16 ಇಟ್ಟು ಕೈಯಲ್ಲೇ ಎಣಿಸೋಣ. i ಕ್ರಮವಾಗಿ 1, 2, 4, 8, 16 ಆಗುತ್ತದೆ. ಒಳಲೂಪು ಅಷ್ಟಷ್ಟೇ ಸಲ ತಿರುಗುವುದರಿಂದ ಕೂಡಿದರೆ 31. ಗುಣಿಸಿದ್ದರೆ 5 × 16, ಅಂದರೆ 80 ಬರುತ್ತಿತ್ತು. n ಎರಡರ ಘಾತವಾಗಿದ್ದಾಗ ಮೊತ್ತ ಯಾವಾಗಲೂ 2n − 1. ಬೇರೆ ಯಾವ n ಕೊಟ್ಟರೂ ಅದು n ಮತ್ತು 2n − 1ರ ನಡುವೆಯೇ ಇರುತ್ತದೆ. ಹಾಗಾಗಿ ಸರಿಯಾದ ಉತ್ತರ Θ(n).

ಇದೇ ಗುಣಾಕಾರ ಬೇರೆಡೆ ಸರಿ ಉತ್ತರ ಕೊಡುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. `i++` ಎಂದು ಬರೆದಿದ್ದರೆ n × n ಗುಣಿಸಿ n² ಎನ್ನಬಹುದಿತ್ತು; ನಿಜವಾದ ಮೊತ್ತ n(n+1)/2 ಆದ್ದರಿಂದ ಅದು ಥೀಟಾಗೂ ಒಪ್ಪುತ್ತದೆ. ಕಾರಣ ಇಷ್ಟೇ: ಅಲ್ಲಿ ಹೊರಲೂಪಿನ ಅರ್ಧದಷ್ಟು ಸುತ್ತುಗಳಲ್ಲಿ ಒಳಲೂಪು ಕನಿಷ್ಠ n/2 ಸಲ ತಿರುಗುತ್ತದೆ. ಅದರಿಂದಲೇ n²/4ರಷ್ಟು ಕೆಲಸ ಖಚಿತ. ಇಮ್ಮಡಿಯಾಗುವ ಲೂಪಿನಲ್ಲಿ ಹಾಗಿಲ್ಲ. ಕೊನೆಯ ಒಂದು ಸುತ್ತಿನ ಕೆಲಸ ಅದರ ಹಿಂದಿನ ಎಲ್ಲ ಸುತ್ತುಗಳ ಮೊತ್ತಕ್ಕಿಂತ ಹೆಚ್ಚು. ಎಲ್ಲ ಸುತ್ತಿಗೂ ಆ ದೊಡ್ಡ ಸುತ್ತಿನ ದರವನ್ನೇ ಹಾಕಿದ್ದರಿಂದ ಲೆಕ್ಕ ಉಬ್ಬಿತು. ಉತ್ತರ ತಿದ್ದುವಾಗ ನಾನು ಮೊದಲು ಹುಡುಕುವುದು ಇದನ್ನೇ: ದೊಡ್ಡ ಸುತ್ತುಗಳು ಎಷ್ಟಿವೆ?

ಓಡಿಸಿಯೂ ನೋಡಬಹುದು, ಆದರೆ n ಅನ್ನು ಇಮ್ಮಡಿಸಿ `count` ಇಮ್ಮಡಿಯಾಯಿತೇ ಎಂದು ನೋಡಿದರೆ ಸಾಲದು. n log n ಕೂಡ 1000ದಿಂದ 2000ಕ್ಕೆ ಹೋಗುವಾಗ ಸುಮಾರು 2.2 ಪಟ್ಟಷ್ಟೇ ಬೆಳೆಯುತ್ತದೆ. ವ್ಯತ್ಯಾಸ ಕಣ್ಣಿಗೆ ಬೀಳದು. `count` ಅನ್ನು n ನಿಂದ ಭಾಗಿಸಿ. n ಸಾವಿರವಿದ್ದಾಗ 1.02, ಹತ್ತು ಲಕ್ಷವಿದ್ದಾಗ 1.05. ವಿದ್ಯಾರ್ಥಿನಿಯ ಉತ್ತರ ಬಿಗಿಯಾಗಿದ್ದರೆ ಈ ಭಾಗಲಬ್ಧ ಅಷ್ಟರಲ್ಲಿ ಸುಮಾರು ಎರಡು ಪಟ್ಟಾಗಬೇಕಿತ್ತು.

ಈ ಮೊತ್ತ ಪರೀಕ್ಷೆಯಾಚೆಗೂ ಇದೆ. ತುಂಬಿದಾಗಲೆಲ್ಲ ಇಮ್ಮಡಿ ಜಾಗ ಪಡೆದು ಹಳೆಯದನ್ನೆಲ್ಲ ನಕಲಿಸಿಕೊಳ್ಳುವ ಅರೇಯಲ್ಲಿ ನಕಲಿನ ಖರ್ಚು 1 + 2 + 4 + … ಎಂದೇ ಕೂಡುತ್ತದೆ. n ಅಂಶ ಸೇರಿಸುವಷ್ಟರಲ್ಲಿ ಒಟ್ಟು ನಕಲು 2n ದಾಟುವುದಿಲ್ಲ, ಹಾಗಾಗಿ ಒಂದು ಅಂಶದ ಸರಾಸರಿ ಖರ್ಚು n ಎಷ್ಟೇ ಬೆಳೆದರೂ ಎರಡು ನಕಲಿಗಿಂತ ಕಡಿಮೆ.